ಪಾಕ ಹರಳುಗಟ್ಟುವ ಬಗೆ: ಕಲ್ಲುಸಕ್ಕರೆ ಮತ್ತು ಜೋನಿ ಬೆಲ್ಲ

ಮಲೆನಾಡಿನ ಆಲೆಮನೆಗಳಲ್ಲಿ ಬೇಸಿಗೆಯ ಆರಂಭದಲ್ಲಿ ಡಬ್ಬಗಳಿಗೆ ತುಂಬಿದ ಜೋನಿ ಬೆಲ್ಲ ಆಗ ಒಂದೇ ಸಮನಾಗಿ, ಜೇನಿನಂತೆ ಹರಿಯುತ್ತಿರುತ್ತದೆ. ಅದೇ ಡಬ್ಬವನ್ನು ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ತೆರೆದರೆ, ಕೆಲವು ಸಲ ತಳದಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಹರಳು ಕೂತಿರುತ್ತದೆ. ಮೇಲಿನ ಭಾಗ ತೆಳ್ಳಗಾಗಿರುತ್ತದೆ. ಕೊಂಡವರು ಇದರಲ್ಲಿ ಸಕ್ಕರೆ ಬೆರೆಸಿದ್ದಾರೆಂದು ಸಂಶಯಪಡುತ್ತಾರೆ. ಬೆಲ್ಲ ಮಾಡಿದವನು ತಾನು ಏನನ್ನೂ ಬೆರೆಸಿಲ್ಲವೆಂದು ಆಣೆ ಮಾಡಬೇಕಾಗುತ್ತದೆ. ಹರಳು ಕೂತ ಮಾತ್ರಕ್ಕೆ ಕಲಬೆರಕೆ ಆಗಿದೆಯೆಂದು ಹೇಳುವಂತಿಲ್ಲ. ಕಬ್ಬಿನ ಹಾಲಿನಲ್ಲಿಯೇ ಇದ್ದ ಸಕ್ಕರೆ, ಪಾಕ ತಣ್ಣಗಾದ ಮೇಲೆ ನೀರಿನಲ್ಲಿ ಕರಗಿ ನಿಲ್ಲಲಾರದೆ ಹೊರಬಿದ್ದಿರುತ್ತದೆ, ಅಷ್ಟೆ. ಇದೇ ಕ್ರಿಯೆಯನ್ನು ಬೇಕೆಂದೇ, ಹದವರಿತು ನಡೆಸಿದರೆ ದೊರೆಯುವುದು ಕಲ್ಲುಸಕ್ಕರೆ. ಎರಡಕ್ಕೂ ಮೂಲದಲ್ಲಿರುವ ನಿಯಮ ಒಂದೇ ಆದ್ದರಿಂದ, ಮೊದಲು ಆ ನಿಯಮವನ್ನು ತಿಳಿದುಕೊಂಡು ಆಮೇಲೆ ಡಬ್ಬದ ವಿಚಾರಕ್ಕೆ ಬರುವುದು ಅನುಕೂಲ.

ನೀರು ಎಷ್ಟು ಸಕ್ಕರೆಯನ್ನು ಹಿಡಿದೀತು?

ಒಂದು ಲೋಟ ನೀರಿಗೆ ಸಕ್ಕರೆಯನ್ನು ಚಮಚ ಚಮಚವಾಗಿ ಹಾಕಿ ಕಲಕುತ್ತಾ ಹೋದರೆ, ಒಂದು ಹಂತದ ನಂತರ ಎಷ್ಟು ಕಲಕಿದರೂ ತಳದಲ್ಲಿ ಸಕ್ಕರೆ ಹಾಗೆಯೇ ಉಳಿಯುತ್ತದೆ. ಆ ನೀರು ಆ ಉಷ್ಣತೆಯಲ್ಲಿ ತನ್ನ ಪಾಲಿನ ಸಕ್ಕರೆಯನ್ನು ಪೂರ್ತಿಯಾಗಿ ಹಿಡಿದಿದೆ ಎಂದರ್ಥ. ಇದಕ್ಕೆ ಪರ್ಯಾಪ್ತ ದ್ರಾವಣವೆಂದು ಹೆಸರು. 20 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಅಂದರೆ ತನ್ನ ತೂಕದ ಎರಡು ಪಟ್ಟು. 30 ಡಿಗ್ರಿಯಲ್ಲಿ ಅದು ಸುಮಾರು 215 ಗ್ರಾಂ, 50 ಡಿಗ್ರಿಯಲ್ಲಿ 260 ಗ್ರಾಂ, 80 ಡಿಗ್ರಿಯಲ್ಲಿ 360 ಗ್ರಾಂ ಆಗುತ್ತದೆ. ಬಿಸಿ ಹೆಚ್ಚಿದಂತೆಲ್ಲ ಏರಿಕೆಯ ವೇಗವೂ ಹೆಚ್ಚುತ್ತದೆ ಎಂಬುದನ್ನು ಗಮನಿಸಬೇಕು. 20ರಿಂದ 30ಕ್ಕೆ ಏರಿದಾಗ ಹೆಚ್ಚಿದ್ದು ಬರೀ 15 ಗ್ರಾಂ. 50ರಿಂದ 80ಕ್ಕೆ ಏರಿದಾಗ ಪ್ರತಿ ಹತ್ತು ಡಿಗ್ರಿಗೂ ಸರಾಸರಿ 33 ಗ್ರಾಂ.

ಹೀಗೇಕೆ? ನೀರು ಕಾದಾಗ ಹಿಗ್ಗುತ್ತದೆ, ಅದರ ನಡುವಿನ ಜಾಗ ದೊಡ್ಡದಾಗುತ್ತದೆ, ಆದ್ದರಿಂದ ಹೆಚ್ಚು ಸಕ್ಕರೆ ಹಿಡಿಸುತ್ತದೆ ಎಂದು ಹೇಳುವವರುಂಟು. ಇದು ಸರಿಯಲ್ಲ. ಹಾಗಿದ್ದರೆ ಉಪ್ಪೂ ಬಿಸಿನೀರಿನಲ್ಲಿ ಹೀಗೆಯೇ ಹೆಚ್ಚು ಕರಗಬೇಕಿತ್ತು. ಆದರೆ 100 ಗ್ರಾಂ ನೀರು ಮಂಜಿನಷ್ಟು ತಣ್ಣಗಿದ್ದಾಗ ಸುಮಾರು 36 ಗ್ರಾಂ ಅಡಿಗೆ ಉಪ್ಪನ್ನು ಕರಗಿಸಿಕೊಂಡರೆ, ಕುದಿಯುವಾಗಲೂ 39 ಗ್ರಾಮಿಗಿಂತ ಹೆಚ್ಚು ಕರಗಿಸಿಕೊಳ್ಳುವುದಿಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲು ತಿಳಿಯಾಗಲೆಂದು ಬಳಸುವ ಸುಣ್ಣವಂತೂ ಇದಕ್ಕೆ ತದ್ವಿರುದ್ಧ. ಬರೀ ನೀರಿನಲ್ಲಿ ಅದು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ.

ನಿಜವಾದ ಕಾರಣ ಸಕ್ಕರೆಯ ಹರಳಿನೊಳಗೆ ಇದೆ. ಹರಳಿನಲ್ಲಿ ಸಕ್ಕರೆಯ ಅಣುಗಳು, ಇಟ್ಟಿಗೆಯ ಗೋಡೆಯಂತೆ, ಒಂದರ ಪಕ್ಕ ಒಂದು ಕ್ರಮವಾಗಿ ಕೂತು ಪರಸ್ಪರ ಹಿಡಿದುಕೊಂಡಿರುತ್ತವೆ. ಹರಳನ್ನು ನೀರಿನಲ್ಲಿ ಹಾಕಿದಾಗ ಮೇಲ್ಮೈಯ ಅಣುಗಳು ಆ ಹಿಡಿತದಿಂದ ಬಿಡಿಸಿಕೊಂಡು ನೀರಿಗೆ ಸೇರುತ್ತವೆ. ಇದೇ ವೇಳೆಗೆ, ಈಗಾಗಲೇ ನೀರಿನಲ್ಲಿರುವ ಕೆಲವು ಅಣುಗಳು ಹರಳಿಗೆ ಬಡಿದು ಮತ್ತೆ ಅಲ್ಲಿಯೇ ಅಂಟಿಕೊಳ್ಳುತ್ತವೆ. ಮೊದಮೊದಲು ಹೋಗುವವು ಹೆಚ್ಚು, ಬರುವವು ಕಡಿಮೆ. ಆದ್ದರಿಂದ ಸಕ್ಕರೆ ಕರಗುತ್ತದೆ. ನೀರಿನಲ್ಲಿ ಅಣುಗಳ ಸಂದಣಿ ಹೆಚ್ಚಿದಂತೆ ಮರಳಿ ಬರುವವೂ ಹೆಚ್ಚುತ್ತವೆ. ಹೋಗುವವು ಮತ್ತು ಬರುವವು ಸರಿಸಮವಾದಾಗ ದ್ರಾವಣ ಪರ್ಯಾಪ್ತವಾಗುತ್ತದೆ. ಹೊರಗಿನಿಂದ ನೋಡುವವರಿಗೆ ಏನೂ ನಡೆಯುತ್ತಿಲ್ಲವೆನಿಸಿದರೂ ಒಳಗೆ ಕೊಡು-ಕೊಳ್ಳುವಿಕೆ ನಡೆದೇ ಇರುತ್ತದೆ.

ಹರಳಿನ ಹಿಡಿತದಿಂದ ಬಿಡಿಸಿಕೊಳ್ಳಲು ಅಣುವಿಗೆ ಶಕ್ತಿ ಬೇಕು. ನೀರಿನ ಅಣುಗಳು ಅದನ್ನು ಸುತ್ತುವರಿದಾಗ ಈ ಶಕ್ತಿಯ ಬಹುಭಾಗ ಹಿಂದಕ್ಕೆ ಬರುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಒಟ್ಟು ಲೆಕ್ಕದಲ್ಲಿ ಸಕ್ಕರೆ ಕರಗುವಾಗ ಸ್ವಲ್ಪ ಶಾಖವನ್ನು ಹೀರಿಕೊಳ್ಳುತ್ತದೆ. ಬಹಳಷ್ಟು ಸಕ್ಕರೆಯನ್ನು ಬೇಗ ಬೇಗ ನೀರಿಗೆ ಹಾಕಿ ಕಲಕಿ ಉಷ್ಣಮಾಪಕವನ್ನಿಟ್ಟರೆ ಪಾದರಸ ಸ್ವಲ್ಪ ಇಳಿಯುವುದನ್ನು ಕಾಣಬಹುದು. ನೀರನ್ನು ಕಾಯಿಸಿದಾಗ ನಾವು ಈ ಶಾಖವನ್ನು ಹೊರಗಿನಿಂದ ಒದಗಿಸಿದಂತಾಗುತ್ತದೆ. ಬಿಡಿಸಿಕೊಂಡು ಹೋಗುವ ಅಣುಗಳ ಸಂಖ್ಯೆ, ಮರಳಿ ಬರುವವುಗಳಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಏರುತ್ತದೆ. ಸಮತೋಲವಾಗಬೇಕಾದರೆ ನೀರಿನಲ್ಲಿ ಇನ್ನೂ ಹೆಚ್ಚು ಸಕ್ಕರೆ ಸೇರಿರಬೇಕಾಗುತ್ತದೆ. ಉಪ್ಪು ಕರಗುವಾಗ ಹೀರುವ ಶಾಖ ಅತ್ಯಲ್ಪ. ಆದ್ದರಿಂದಲೇ ಅದರ ಕರಗುವಿಕೆ ಹೆಚ್ಚು ಬದಲಾಗುವುದಿಲ್ಲ. ಸುಣ್ಣ ಕರಗುವಾಗ ಶಾಖವನ್ನು ಹೊರಬಿಡುತ್ತದೆ. ಆದ್ದರಿಂದ ಬಿಸಿ ಅದಕ್ಕೆ ಪ್ರತಿಕೂಲ. ಸಮುದ್ರದ ನೀರಿನಿಂದ ಉಪ್ಪು ಪಡೆಯಲು ಗದ್ದೆಗಳಲ್ಲಿ ನೀರನ್ನು ಬಿಸಿಲಿಗೆ ಆರಿಸಲೇಬೇಕು. ಸಕ್ಕರೆಯಾದರೋ ಪಾಕವನ್ನು ತಣಿಸಿದರೂ ಹೊರಬರುತ್ತದೆ.

ತಣ್ಣಗಾದ ಕೂಡಲೇ ಹರಳು ಏಕೆ ಬರುವುದಿಲ್ಲ?

ಬಿಸಿಯಲ್ಲಿ ಹೆಚ್ಚು ಸಕ್ಕರೆ ಹಿಡಿದ ಪಾಕ ತಣ್ಣಗಾದರೆ ಹೆಚ್ಚಿನ ಸಕ್ಕರೆ ಹೊರಬೀಳಬೇಕು. ಆದರೆ ಅದು ಒಡನೆಯೇ ಬೀಳುವುದಿಲ್ಲ. ಶುಚಿಯಾದ ಪಾತ್ರೆಯಲ್ಲಿ ಅಲುಗಾಡಿಸದೆ ಇಟ್ಟ ಪಾಕ, ತನ್ನ ಮಿತಿಗಿಂತ ಹೆಚ್ಚು ಸಕ್ಕರೆಯನ್ನು ಹೊತ್ತುಕೊಂಡೇ ದಿನಗಟ್ಟಲೆ ತಿಳಿಯಾಗಿ ಉಳಿಯಬಲ್ಲದು. ಇದು ಅತಿಪರ್ಯಾಪ್ತ ಸ್ಥಿತಿ. ಹೊಸ ಹರಳೊಂದು ಹುಟ್ಟಬೇಕಾದರೆ ಬಹಳಷ್ಟು ಅಣುಗಳು ಒಂದೇ ಕಡೆ, ಒಂದೇ ಕ್ರಮದಲ್ಲಿ ಆಕಸ್ಮಿಕವಾಗಿ ಕೂಡಬೇಕು. ತೀರಾ ಚಿಕ್ಕ ಗುಂಪು ಕೂಡಿದ ಬೆನ್ನಲ್ಲೇ ಚದುರಿಹೋಗುತ್ತದೆ. ಆದರೆ ಮೊದಲೇ ಒಂದು ಹರಳಿದ್ದರೆ ಅಣುಗಳಿಗೆ ಹೋಗಿ ಕೂರಲು ಸಿದ್ಧವಾದ ಜಾಗ ಸಿಕ್ಕಂತಾಗುತ್ತದೆ. ಹಾಲಿಗೆ ಹೆಪ್ಪು ಹೇಗೋ ಪಾಕಕ್ಕೆ ಬೀಜದ ಹರಳು ಹಾಗೆ.

ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಬೇಯಿಸುವವರು ಇದನ್ನು ಒಂದು ಅಂಕಿಯಿಂದ ಅಳೆಯುತ್ತಾರೆ. ಪಾಕದಲ್ಲಿ ನಿಜವಾಗಿ ಇರುವ ಸಕ್ಕರೆಯನ್ನು, ಆ ಉಷ್ಣತೆಯಲ್ಲಿ ಇರಬಹುದಾದ ಸಕ್ಕರೆಯಿಂದ ಭಾಗಿಸಿದರೆ ಆ ಅಂಕಿ ಬರುತ್ತದೆ. 1ಕ್ಕಿಂತ ಕಡಿಮೆ ಬಂದರೆ ಹರಳು ಕರಗುತ್ತದೆ. ಸ್ಥೂಲವಾಗಿ 1ರಿಂದ 1.2ರ ತನಕ ಇದ್ದ ಹರಳು ಬೆಳೆಯುತ್ತದೆ, ಹೊಸದು ಹುಟ್ಟುವುದಿಲ್ಲ. 1.2ರಿಂದ 1.3ರ ನಡುವೆ ಇದ್ದ ಹರಳುಗಳ ಜೊತೆ ಹೊಸವೂ ಹುಟ್ಟತೊಡಗುತ್ತವೆ. 1.3 ದಾಟಿದರೆ ಬೀಜವೇ ಇಲ್ಲದಿದ್ದರೂ ಎಲ್ಲೆಂದರಲ್ಲಿ ಮಂಜು ಕವಿದಂತೆ ಸಣ್ಣ ಹರಳುಗಳು ಏಳುತ್ತವೆ. ದೊಡ್ಡ ಹರಳು ಬೇಕಾದವನು ಮೊದಲನೆಯ ಪಟ್ಟಿಯೊಳಗೆ ಆದಷ್ಟು ಹೊತ್ತು ನಿಲ್ಲಬೇಕು.

ಕಲ್ಲುಸಕ್ಕರೆ ಬೆಳೆಸುವುದು

ಸಂಸ್ಕೃತದಲ್ಲಿ ಶರ್ಕರಾ ಎಂದರೆ ಮೊದಲಿಗೆ ಹರಳು ಕಲ್ಲು, ಮರಳು ಎಂದೇ ಅರ್ಥ. ನಮ್ಮ ಸಕ್ಕರೆ ಎಂಬ ಮಾತು ಅದರಿಂದಲೇ ಬಂದಿದೆ. ಆ ಹೆಸರಿಗೆ ತಕ್ಕ ಹರಳನ್ನು ಮನೆಯಲ್ಲಿಯೇ ಬೆಳೆಸಿ ನೋಡಬಹುದು.

ಒಂದು ಲೀಟರ್ ನೀರು, 2 ಕಿಲೋ 750 ಗ್ರಾಂ ಬಿಳಿ ಸಕ್ಕರೆ ತೆಗೆದುಕೊಳ್ಳಬೇಕು. ಪಾತ್ರೆಯನ್ನು ಮೊದಲೇ ತೂಗಿಟ್ಟಿರಬೇಕು. ನೀರು ಮತ್ತು ಸಕ್ಕರೆಯನ್ನು ಮಂದ ಉರಿಯಲ್ಲಿ ಕಾಯಿಸಿ, ಒಂದು ಹರಳೂ ಉಳಿಯದಂತೆ ಕರಗಿಸಿ, ಒಂದು ಕುದಿ ಬಂದ ಮೇಲೆ ನೊರೆಯನ್ನು ತೆಗೆದು ಇಳಿಸಬೇಕು. ಈಗ ಮತ್ತೆ ತೂಗಿ ನೋಡಿದರೆ ಪಾಕ ಮಾತ್ರವೇ 3 ಕಿಲೋ 750 ಗ್ರಾಂ ಇರಬೇಕು. ಕಡಿಮೆ ಇದ್ದರೆ ಅಷ್ಟು ನೀರು ಆವಿಯಾಗಿದೆಯೆಂದು ತಿಳಿದು, ಅಷ್ಟೇ ಕುದಿನೀರನ್ನು ಸೇರಿಸಿ ಕಲಕಬೇಕು. ಈ ತೂಕವನ್ನು ಬಿಡುವವರೇ ಹೆಚ್ಚು. ಆದರೆ 100 ಗ್ರಾಂ ನೀರು ಹೋಗಿದ್ದರೂ ಮುಂದಿನ ಲೆಕ್ಕವೆಲ್ಲ ಹತ್ತು ಡಿಗ್ರಿಯಷ್ಟು ತಪ್ಪುತ್ತದೆ.

ಈ ಪಾಕದಲ್ಲಿ 100 ಗ್ರಾಂ ನೀರಿಗೆ 275 ಗ್ರಾಂ ಸಕ್ಕರೆ ಇದೆ. ಇದು ಪರ್ಯಾಪ್ತವಾಗುವುದು ಸುಮಾರು 56 ಡಿಗ್ರಿಯಲ್ಲಿ. ಅದಕ್ಕಿಂತ ಮೇಲಿರುವ ತನಕ ಪಾಕ ಇನ್ನೂ ಹಸಿದೇ ಇರುತ್ತದೆ. ಬೀಜದ ಹರಳನ್ನು ಅದರಲ್ಲಿ ಬಿಟ್ಟರೆ ನುಂಗಿಬಿಡುತ್ತದೆ. 70 ಡಿಗ್ರಿಯ ಪಾಕದಲ್ಲಿ ದಾರ ಇಳಿಬಿಟ್ಟು, ಮೂರು ದಿನ ಕಾದು ಬರಿಯ ದಾರವನ್ನೇ ಎತ್ತಿದವರು ಹಲವರು. ಪಾಕ 50 ಡಿಗ್ರಿಗೆ ಇಳಿಯುವ ತನಕ ಕಾಯಬೇಕು. ಆಗ ಮೇಲೆ ಹೇಳಿದ ಅಂಕಿ 275ನ್ನು 260ರಿಂದ ಭಾಗಿಸಿದಾಗ ಬರುವ 1.06. ಇದ್ದ ಹರಳು ಬೆಳೆಯುತ್ತದೆ, ಹೊಸದು ಹುಟ್ಟುವುದಿಲ್ಲ.

ಬೀಜವನ್ನು ಹಿಂದಿನ ದಿನವೇ ಸಿದ್ಧಪಡಿಸಬೇಕು. ದಪ್ಪನೆಯ ಹತ್ತಿಯ ದಾರವನ್ನು ಪಾಕದಲ್ಲಿ ಅದ್ದಿ, ಹಿಂಡಿ, ಸಕ್ಕರೆಯ ಮೇಲೆ ಹೊರಳಿಸಿ ಪೂರ್ತಿ ಒಣಗಲು ಬಿಡಬೇಕು. ಹಸಿಯಾಗಿದ್ದರೆ ಹರಳುಗಳು ಪಾಕಕ್ಕೆ ಇಳಿದ ಕೂಡಲೇ ಉದುರಿ ತಳ ಸೇರುತ್ತವೆ. ಬೆಳೆಯುವುದೆಲ್ಲ ಅಲ್ಲಿಯೇ ಆಗುತ್ತದೆ. ಒಣಗಿದ ದಾರವನ್ನು ಕೊಡವಿ, ಪಾತ್ರೆಯ ಮೇಲೆ ಅಡ್ಡಲಾಗಿಟ್ಟ ಕಡ್ಡಿಗೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಇಳಿಬಿಡಬೇಕು.

ಗಾಜಿನ ಪಾತ್ರೆಯಾದರೆ ಬೀಜ ಬೆಳೆಯುತ್ತಿದೆಯೋ ಕರಗುತ್ತಿದೆಯೋ ಎಂಬುದನ್ನು ಐದು ನಿಮಿಷದಲ್ಲಿ ತಿಳಿಯಬಹುದು. ಬೆಳಕಿಗೆ ಎದುರಾಗಿ ನೋಡಿದಾಗ ದಾರದ ಸುತ್ತ ಹೊಗೆಯಂತಹ ತೆಳು ಎಳೆಗಳು ಕಾಣುತ್ತವೆ. ಆ ಎಳೆಗಳು ಕೆಳಕ್ಕೆ ಇಳಿಯುತ್ತಿದ್ದರೆ ಹರಳು ಕರಗುತ್ತಿದೆ. ಸಕ್ಕರೆ ಸೇರಿ ಭಾರವಾದ ಪಾಕ ಕೆಳಗಿಳಿಯುತ್ತಿದೆ. ಎಳೆಗಳು ಮೇಲಕ್ಕೆ ಏರುತ್ತಿದ್ದರೆ ಹರಳು ಪಾಕದಿಂದ ಸಕ್ಕರೆಯನ್ನು ತೆಗೆದುಕೊಳ್ಳುತ್ತಿದೆ. ಸಕ್ಕರೆ ಕಳೆದುಕೊಂಡು ಹಗುರವಾದ ಪಾಕ ಮೇಲೇರುತ್ತಿದೆ. ಕೆಳಗಿಳಿಯುತ್ತಿದ್ದುದು ಕಂಡರೆ ದಾರವನ್ನು ತೆಗೆದು ಪಾಕ ಇನ್ನೂ ಆರಲು ಬಿಡುವುದು.

ಮುಂದಿನದೆಲ್ಲ ತಣಿಸುವ ವೇಗಕ್ಕೆ ಸೇರಿದ್ದು. 50ರಿಂದ 30 ಡಿಗ್ರಿಗೆ ಇಳಿಯುವಾಗ ಈ ಒಂದು ಲೀಟರ್ ನೀರಿನ ಪಾಕವು ಪ್ರತಿ ಡಿಗ್ರಿಗೆ ಸರಾಸರಿ 22 ಗ್ರಾಂ ಸಕ್ಕರೆಯನ್ನು ಬಿಟ್ಟುಕೊಡಬೇಕಾಗುತ್ತದೆ. ಪಾಕ ಅಂಟಾಗಿರುವುದರಿಂದ ಸಕ್ಕರೆಯ ಅಣು ದೂರದಿಂದ ದಾರದ ಬಳಿಗೆ ಬಂದು ಸೇರಲು ಹೊತ್ತು ಹಿಡಿಯುತ್ತದೆ. ಬಂದ ಮೇಲೂ ತನಗೆ ಹೊಂದುವ ಮೂಲೆಯಲ್ಲಿ, ಹೊಂದುವ ದಿಕ್ಕಿನಲ್ಲಿ ಕೂರಬೇಕು. ಎರಡು ದಿನದಲ್ಲಿ ನಿಧಾನವಾಗಿ ತಣಿದರೆ ಬಿಡುಗಡೆಯಾದ ಸಕ್ಕರೆಗೆ ದಾರದವರೆಗೆ ಬರುವ ಸಮಯ ಸಿಗುತ್ತದೆ. ಪಾಕದಲ್ಲಿ ಸಕ್ಕರೆ ಕಡಿಮೆಯಾಗುತ್ತಾ ಬಂದು ಅಂಕಿ 1ರ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಗಂಟೆಯೊಳಗೆ ತಣಿಸಿದರೆ ಸಕ್ಕರೆ ಇನ್ನೂ ಪಾಕದಲ್ಲಿರುವಾಗಲೇ 30 ಡಿಗ್ರಿ ಬಂದಿರುತ್ತದೆ. ಆಗಿನ ಅಂಕಿ 275ಕ್ಕೆ 215, ಅಂದರೆ 1.28. ಇನ್ನೊಂದೆರಡು ಡಿಗ್ರಿ ಇಳಿದರೂ, ಒಂದು ಸಲ ಅಲುಗಿದರೂ ಸಾಕು, ಸಾವಿರಾರು ಹೊಸ ಹರಳುಗಳು ಹುಟ್ಟುತ್ತವೆ. ಇರುವ ಸಕ್ಕರೆ ಅಷ್ಟಕ್ಕೂ ಹಂಚಿಹೋಗಿ ಯಾವುದೂ ದೊಡ್ಡದಾಗುವುದಿಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಬೇಕಾದದ್ದು ಇದೇ. ಅಲ್ಲಿ ಗಟ್ಟಿ ಪಾಕವನ್ನು ತಿರುವುತ್ತಾ ಅಚ್ಚಿಗೆ ಹೊಯ್ಯುವುದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗಿ, ಬೆಳಕನ್ನು ಚೆದುರಿಸಿ ಬೆಳ್ಳಗೆ ಕಾಣುತ್ತದೆ. ಕಲ್ಲುಸಕ್ಕರೆ ಪಾರದರ್ಶಕ, ಸಕ್ಕರೆ ಅಚ್ಚು ಸುಣ್ಣದ ಬಿಳಿ. ಎರಡೂ ಅದೇ ಪದಾರ್ಥ.

ಆದ್ದರಿಂದ ಪಾತ್ರೆಯನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಸುತ್ತಲೂ ಭತ್ತದ ಹೊಟ್ಟು ಅಥವಾ ಹುಲ್ಲು ತುಂಬಿ, ಗೋಣಿ ಹೊದಿಸಿ, ಯಾರೂ ಓಡಾಡದ ಮೂಲೆಯಲ್ಲಿಡಬೇಕು. ಪಾತ್ರೆಯ ಬಾಯಿಗೆ ತಟ್ಟೆ ಮುಚ್ಚುವುದಕ್ಕಿಂತ ಮಡಿಸಿದ ಬಟ್ಟೆ ಒಳ್ಳೆಯದು. ತಟ್ಟೆಯ ಒಳಗೆ ಆವಿ ಹನಿಗಟ್ಟಿ ತೊಟ್ಟಿಕ್ಕಿದರೆ ಮೇಲಿನ ಪದರ ತೆಳುವಾಗಿ ಅಲ್ಲಿನ ಹರಳುಗಳು ಕರಗುತ್ತವೆ. ಏನನ್ನೂ ಮುಚ್ಚದಿದ್ದರೆ ಮೇಲ್ಮೈ ಒಣಗಿ ಕೆನೆಯಂತೆ ಸಕ್ಕರೆ ಕಟ್ಟುತ್ತದೆ, ಧೂಳೂ ಬೀಳುತ್ತದೆ. ಧೂಳಿನ ಕಣವೂ ಹರಳಿಗೆ ಬೀಜವಾಗಬಲ್ಲದು.

ನಾಲ್ಕೈದು ದಿನ ಬಿಟ್ಟು ತೆಗೆದು, ಪಾಕವನ್ನು ಬಸಿದು, ದಾರವನ್ನು ತಣ್ಣೀರಿನಲ್ಲಿ ಒಂದು ಕ್ಷಣ ಮಾತ್ರ ಅದ್ದಿ ನೆರಳಿನಲ್ಲಿ ಒಣಗಿಸಬೇಕು. 30 ಡಿಗ್ರಿಯಲ್ಲಿ ಒಂದು ಲೀಟರ್ ನೀರು 2 ಕಿಲೋ 150 ಗ್ರಾಂ ಸಕ್ಕರೆಯನ್ನು ತನ್ನಲ್ಲಿಯೇ ಉಳಿಸಿಕೊಳ್ಳುವುದರಿಂದ, ಹೆಚ್ಚೆಂದರೆ 600 ಗ್ರಾಂ ಹರಳು ಬರಬಹುದು. ಅದರಲ್ಲಿಯೂ ಸ್ವಲ್ಪ ಭಾಗ ತಳದಲ್ಲಿ ಕೂರುತ್ತದೆ. ಉಳಿದ ಪಾಕಕ್ಕೆ ತೆಗೆದಷ್ಟೇ ಸಕ್ಕರೆ ಸೇರಿಸಿ ಮತ್ತೆ ಕಾಯಿಸಿ ಬಳಸಬಹುದು. ಆದರೆ ಪ್ರತಿ ಸಲ ಕಾಯಿಸಿದಾಗಲೂ ಪಾಕ ಹಳದಿಯಾಗುತ್ತಾ, ಹರಳು ಬೆಳೆಯುವುದು ನಿಧಾನವಾಗುತ್ತಾ ಹೋಗುತ್ತದೆ. ಈ ನಿಧಾನಕ್ಕೆ ಇರುವ ಕಾರಣವೇ ಜೋನಿ ಬೆಲ್ಲಕ್ಕೆ ಔಷಧ.

ಹರಳು ಬೇಡವಾದಾಗ

ಕಬ್ಬಿನ ಸಕ್ಕರೆಯ ಹೆಸರು ಸುಕ್ರೋಸ್. ಬಿಸಿ ಮತ್ತು ಹುಳಿಯ ಸಂಪರ್ಕದಲ್ಲಿ ಅದರ ಅಣು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳಾಗುತ್ತದೆ. ಇವು ಸುಕ್ರೋಸಿನ ಗೋಡೆಗೆ ಹೊಂದದ ಇಟ್ಟಿಗೆಗಳು. ಹರಳಿನ ಮೇಲ್ಮೈಗೆ ಬಂದು ಅಡ್ಡ ನಿಲ್ಲುತ್ತವೆ, ಸರಿಯಾದ ಅಣು ಕೂರಲು ತಡಮಾಡುತ್ತವೆ. ಕಡಿದು ಎರಡು ಮೂರು ದಿನ ಬಿದ್ದಿದ್ದ ಕಬ್ಬಿನ ಹಾಲಿನಿಂದ ಅಚ್ಚು ಬೆಲ್ಲ ಸರಿಯಾಗಿ ಕಟ್ಟದೆ ಅಂಟಂಟಾಗುವುದು ಇದರಿಂದಲೇ. ಕಬ್ಬು ಕಡಿದ ಮೇಲೆ ಸುಕ್ರೋಸ್ ಒಡೆಯುತ್ತಾ ಹೋಗಿರುತ್ತದೆ. ಅಚ್ಚು ಬೆಲ್ಲಕ್ಕೆ ದೋಷವಾದದ್ದು ಜೋನಿ ಬೆಲ್ಲಕ್ಕೆ ಮಿತಿಯಲ್ಲಿ ಗುಣವಾಗುತ್ತದೆ.

ಅಚ್ಚು ಬೆಲ್ಲಕ್ಕೆ ಪಾಕವನ್ನು 116ರಿಂದ 118 ಡಿಗ್ರಿಯವರೆಗೆ ಕಾಯಿಸಿ, ಆರಿಸುವಾಗ ಮಗುಚುತ್ತಾರೆ. ಸಣ್ಣ ಹರಳುಗಳು ಒತ್ತೊತ್ತಾಗಿ ಏಳಬೇಕೆಂಬುದೇ ಮಗುಚುವುದರ ಉದ್ದೇಶ. ಜೋನಿ ಬೆಲ್ಲವನ್ನಾದರೋ 103ರಿಂದ 106 ಡಿಗ್ರಿಗೇ ಇಳಿಸಬೇಕು. ಆಗ ನೀರಿನ ಅಂಶ ಶೇಕಡಾ 30ಕ್ಕಿಂತ ಕಡಿಮೆಯಾಗದೆ ಉಳಿಯುತ್ತದೆ. ಗಟ್ಟಿಯಾಗಿದ್ದರೆ ಕೆಡುವುದಿಲ್ಲವೆಂದು ಇನ್ನೂ ಸ್ವಲ್ಪ ಹೊತ್ತು ಕುದಿಸಿದರೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಪಾಕದಲ್ಲಿ ನೀರು ಶೇ. 25, ಸುಕ್ರೋಸ್ ಶೇ. 60 ಆಯಿತೆನ್ನೋಣ. 100 ಗ್ರಾಂ ನೀರಿಗೆ 240 ಗ್ರಾಂ ಸುಕ್ರೋಸ್ ಬಂತು. ಬೇಸಿಗೆಯ ಹಗಲಿನಲ್ಲಿಯೇ ಇದು ಮಿತಿಯನ್ನು ಮೀರಿದ್ದು. ಚಳಿಗಾಲದ 20 ಡಿಗ್ರಿಯಲ್ಲಿ 40 ಗ್ರಾಮಿನಷ್ಟು ಹೆಚ್ಚಾಯಿತು. ಜೊತೆಗಿರುವ ಇತರ ಸಕ್ಕರೆಗಳೂ ಅದೇ ನೀರನ್ನು ಹಂಚಿಕೊಳ್ಳುವುದರಿಂದ ನಿಜವಾದ ಮಿತಿ ಇನ್ನೂ ಕೆಳಗಿರುತ್ತದೆ. ಹರಳು ಕೂತ ಮೇಲೆ ಉಳಿದ ಮೇಲಿನ ಭಾಗದಲ್ಲಿ ಸಕ್ಕರೆ ಕಡಿಮೆಯಾಗಿ ನೀರಿನ ಪ್ರಮಾಣ ಹೆಚ್ಚುತ್ತದೆ, ಅದು ಬೇಗ ಹುಳಿಯುತ್ತದೆ. ಕೆಡದಿರಲೆಂದು ಗಟ್ಟಿ ಮಾಡಿದ್ದೇ ಕೆಡಲು ದಾರಿಯಾಗುತ್ತದೆ.

ಉಷ್ಣತೆಯನ್ನು ನೋಡುವಾಗ ಒಂದು ಎಚ್ಚರಿಕೆ ಅಗತ್ಯ. ಸಾಗರ, ಶಿರಸಿಯಂತಹ ಸುಮಾರು 600 ಮೀಟರ್ ಎತ್ತರದ ಊರುಗಳಲ್ಲಿ ನೀರು 98 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಅಲ್ಲಿ ಉಷ್ಣಮಾಪಕ 103ರಿಂದ 106 ತೋರಿಸುವ ತನಕ ಕಾದರೆ ಪಾಕ ಎರಡು ಡಿಗ್ರಿಯಷ್ಟು ಹೆಚ್ಚು ಬೆಂದಿರುತ್ತದೆ. ಮೊದಲು ಬರೀ ನೀರನ್ನು ಕುದಿಸಿ ಮಾಪಕ ಎಷ್ಟು ತೋರಿಸುತ್ತದೆಂದು ನೋಡಿಕೊಂಡು, ಅದಕ್ಕಿಂತ 3ರಿಂದ 6 ಡಿಗ್ರಿ ಮೇಲೆ ಪಾಕವನ್ನು ಇಳಿಸುವುದು ಯಾವ ಊರಿಗಾದರೂ ಸರಿಹೋಗುತ್ತದೆ. ಮಾಪಕವೇ ತಪ್ಪು ತೋರಿಸುತ್ತಿದ್ದರೂ ಇದರಿಂದ ಸರಿದೂಗುತ್ತದೆ.

ಹರಳು ತಡೆಯಲು ಸಿಟ್ರಿಕ್ ಆಮ್ಲವನ್ನು ಶೇ. 0.04ರ ಪ್ರಮಾಣದಲ್ಲಿ, ಅಂದರೆ ಕ್ವಿಂಟಾಲಿಗೆ 40 ಗ್ರಾಂ, ಸ್ವಲ್ಪ ನೀರಿನಲ್ಲಿ ಕರಗಿಸಿ ಬಿಸಿ ಪಾಕಕ್ಕೆ ಬೆರೆಸಬೇಕು. ಇದು ಸುಕ್ರೋಸಿನ ಒಂದು ಭಾಗವನ್ನು ಒಡೆದು, ಉಳಿದುದು ಹರಳಾಗದಂತೆ ಅಡ್ಡಿ ಮಾಡುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದೆಂಬ ಲೆಕ್ಕ ಇಲ್ಲಿ ನಡೆಯದು. ರುಚಿ ಹುಳಿಯಾಗುತ್ತದೆ, ಬಣ್ಣ ಕಪ್ಪಾಗುತ್ತದೆ. ಎಂಟು ಹತ್ತು ದಿನ ಮಡ್ಡಿ ಇಳಿಯಲು ಬಿಟ್ಟು ತಿಳಿಯನ್ನು ಮಾತ್ರ ಡಬ್ಬಕ್ಕೆ ತುಂಬಬೇಕು.

ಈಗಾಗಲೇ ಹರಳು ಕೂತ ಡಬ್ಬವನ್ನು ನೇರವಾಗಿ ಒಲೆಯ ಮೇಲಿಡಬಾರದು. ತಳದ ಸಕ್ಕರೆ ಸೀಯುತ್ತದೆ. ಮೇಲಿನ ಪಾಕ ಹುಳಿತಿಲ್ಲವೆಂದು ಮೂಸಿ ನೋಡಿ, ಡಬ್ಬವನ್ನು 60-65 ಡಿಗ್ರಿಯ ಬಿಸಿನೀರಿನ ಕೊಪ್ಪರಿಗೆಯಲ್ಲಿಟ್ಟು, ಮರದ ಸೌಟಿನಿಂದ ತಳ ಕೆರೆದು ಕಲಕುತ್ತಾ ಕರಗಿಸಬೇಕು. ಸೌಟಿಗೆ ಒರಟು ಸಿಗದಂತಾದ ಮೇಲೂ ಅರ್ಧ ಗಂಟೆ ಬಿಸಿಯಲ್ಲಿಡುವುದು ಒಳ್ಳೆಯದು. ಕಾಣದೆ ಉಳಿದ ಒಂದು ಚಿಟಿಕೆ ಹರಳೇ ಮುಂದಿನ ತಂಪಿಗೆ ಬೀಜವಾಗುತ್ತದೆ. ಕಳೆದ ವರ್ಷದ ಡಬ್ಬವನ್ನು ಬರೀ ಒರೆಸಿ ಮತ್ತೆ ತುಂಬಿದಾಗಲೂ ಇದೇ ಆಗುತ್ತದೆ. ಅಂಚಿನ ಮಡಿಕೆಯಲ್ಲಿ ಒಣಗಿದ ಸಕ್ಕರೆ ಇದ್ದೇ ಇರುತ್ತದೆ. ಹಳೆಯ ಡಬ್ಬವನ್ನು ಕುದಿನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆಯೇ ತುಂಬತಕ್ಕದ್ದು.